ನಕ್ಷತ್ರ ಚಿಹ್ನೆಯ ಕೆಳಗಿನ ಅರಬ್ಬಿ

ಆಳಂದ, ಅಫಜಲಪುರ, ಜೇವರ್ಗಿಯ ಕರಿ ನೆಲದಲ್ಲಿ ಬೆಳೆದ ತೊಗರಿ ಡಿಸೆಂಬರ್, ಜನವರಿಯ ರಾಶಿ ಮುಗಿದ ಮೇಲೆ ಕಲಬುರಗಿಯ ದಾಲ್‌ಮಿಲ್‌ಗಳಲ್ಲಿ ಬೇಳೆಯಾಗುತ್ತದೆ. 2006ರಿಂದ ಬೇಳೆಕಾಳುಗಳ ರಫ್ತಿಗಿದ್ದ ನಿಷೇಧ ತೊಗರಿಯ ಮಟ್ಟಿಗೆ 2017ರ ಸೆಪ್ಟೆಂಬರ್‌ನಲ್ಲಿ ತೆರವಾಯಿತು. 2019ರಲ್ಲಿ ಇಲ್ಲಿನ ಬೇಳೆಗೆ ಜಿಐ ಮಾನ್ಯತೆಯೂ ಬಂತು. ಕೊಲ್ಲಿ ದೇಶದ ಕೊಳ್ಳುವವರಿಗೆ ಇಂಥ ಬೇಳೆಯ ಜಾಹೀರಾತನ್ನು ಕಳಿಸಬೇಕೆಂದರೆ ಸುಲಭದ ದಾರಿ ಮೊಬೈಲ್‌ನಲ್ಲಿ ಒಂದು ಫೋಟೊ. ತೊಡಕು ಶುರುವಾಗುವುದು ಆ ಫೋಟೊದ ತಳದಲ್ಲಿ.

ಒಂದು ಮಾದರಿ ಕಲ್ಪಿಸಿಕೊಳ್ಳಿ. ಹೊಂಬಣ್ಣದ ಬೇಳೆಯ ರಾಶಿ, ದಪ್ಪಕ್ಷರದಲ್ಲಿ ದರ, ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ. ಕೆಳಗೆ ಸಾಸಿವೆಯಷ್ಟು ಅಕ್ಷರಗಳಲ್ಲಿ ಹೀಗಿದೆ: ‘ದರ ಗಿರಣಿ ಬಾಗಿಲಿನದು, ತೆರಿಗೆ, ಸಾಗಣೆ ಬೇರೆ. ಕನಿಷ್ಠ 200 ಕ್ವಿಂಟಲ್. ಈ ದರ 15 ದಿನ ಅಥವಾ ದಾಸ್ತಾನು ಮುಗಿಯುವವರೆಗೆ, ಯಾವುದು ಮೊದಲೋ ಅದು. ಮುಂಗಡ ವಾಪಸಿಲ್ಲ. ಜಿಐ ಮುದ್ರೆ ಇರುವ ಚೀಲಗಳಿಗೆ ಮಾತ್ರ ಜಿಐ ಅನ್ವಯ.’

ಇದನ್ನು ಅರಬ್ಬಿಗೆ ತರುವವರ ಮೊದಲ ಕೆಲಸ ಅನುವಾದವಲ್ಲ, ಓದುವುದು. ಕೈಯಿಂದ ಕೈಗೆ ಹೋದ ಫೋಟೊ ಮಸುಕಾಗಿ 3 ಯಾವುದು, 8 ಯಾವುದು ತಿಳಿಯದಂತಾಗಿರುತ್ತದೆ. ಮೂಲ ಫೈಲ್ ಕೇಳಿ ತರಿಸಿಕೊಳ್ಳಬೇಕು. ಸಿಗದಿದ್ದರೆ ಆ ಜಾಗದಲ್ಲಿ ಆವರಣ ಹಾಕಿ ‘ಸ್ಪಷ್ಟವಿಲ್ಲ’ ಎಂದು ಅರಬ್ಬಿಯಲ್ಲೇ ಬರೆಯಬೇಕು. ಊಹೆಯಿಂದ ತುಂಬಿದ ಅಂಕಿ ಹೊಸ ಷರತ್ತೇ ಆಗಿಬಿಡುತ್ತದೆ. ಅಂಕಿಗಳ ಮೋಸ ಇಷ್ಟಕ್ಕೇ ನಿಲ್ಲುವುದಿಲ್ಲ. ಪೂರ್ವ ಅರಬ್ಬಿ ಲಿಪಿಯ ಐದು ನೋಡಲು ನಮ್ಮ ಸೊನ್ನೆಯಂತೆ ದುಂಡಗಿರುತ್ತದೆ. ಅವರ ಸೊನ್ನೆ ಬರೀ ಒಂದು ಚುಕ್ಕೆ. ಸಣ್ಣಕ್ಷರದಲ್ಲಿ ಆ ಚುಕ್ಕೆ ಅಳಿದರೆ 200 ಕ್ವಿಂಟಲ್ 20 ಆಗುತ್ತದೆ.

ಕ್ವಿಂಟಲ್‌ದೇ ಇನ್ನೊಂದು ಕಥೆ. ಅರಬ್ಬಿಯಲ್ಲಿ ಅದರ ಸೋದರ ಪದ ‘ಕಿಂತಾರ್’ ಇದೆ, ಕೈ ತಾನಾಗಿಯೇ ಅದರತ್ತ ಹೋಗುತ್ತದೆ. ಆದರೆ ಈಜಿಪ್ಟಿನ ಹಳೆಯ ಕಿಂತಾರ್ ಸುಮಾರು 45 ಕಿಲೊ, ನಮ್ಮ ಕ್ವಿಂಟಲ್ 100 ಕಿಲೊ. ಆ ಲೆಕ್ಕದಲ್ಲಿ ಓದಿದವನಿಗೆ ಕನಿಷ್ಠ ಖರೀದಿ 9 ಟನ್. ಮಾರುವವನ ಮನಸ್ಸಿನಲ್ಲಿರುವುದು 20 ಟನ್. ‘20,000 ಕಿಲೊ’ ಎಂದು ಬಿಡಿಸಿ ಬರೆದರೆ ಜಗಳವೇ ಹುಟ್ಟುವುದಿಲ್ಲ.

ನಮ್ಮ ಭಾಗದವರಿಗೆ ಅರಬ್ಬಿ ಪದಗಳ ಸಲುಗೆ ಹೆಚ್ಚು. 1948ರವರೆಗೂ ಈ ತಾಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಕಚೇರಿ ಕಾಗದವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ‘ಷರತ್ತು’ ಅರಬ್ಬಿಯ ‘ಶರ್ತ್’ನಿಂದಲೇ ಬಂದಿದೆ, ಅರ್ಥವೂ ಅದೇ. ಇದೇ ಧೈರ್ಯದಲ್ಲಿ ‘ಕರಾರು’ ಎಂಬಲ್ಲಿ ‘ಕರಾರ್’ ಎಂದು ಬರೆದರೆ ಎಡವಿದಂತೆ. ಇಂದಿನ ಅರಬ್ಬಿಯಲ್ಲಿ ಅದು ‘ನಿರ್ಧಾರ’. ಒಪ್ಪಂದಕ್ಕೆ ‘ಅಕ್ದ್’ ಬೇಕು.

ಎಲ್ಲಕ್ಕಿಂತ ಹೆಚ್ಚು ಬಿಟ್ಟುಹೋಗುವುದು ‘ಯಾವುದು ಮೊದಲೋ ಅದು’ ಎಂಬ ಬಾಲ ಎಂದು ನನಗನ್ನಿಸುತ್ತದೆ. ‘ಅಯ್ಯುಹುಮಾ ಅಸ್ಬಕ್’ ಎಂಬ ಎರಡು ಪದ ಸಾಕು. ಅವಿಲ್ಲದಿದ್ದರೆ ಹದಿನೈದು ದಿನ ಕಳೆದ ಮೇಲೂ ದಾಸ್ತಾನು ಉಳಿದಿದೆ ಎಂದು ಕೊಳ್ಳುವವನು ಹಳೆಯ ದರ ಹಿಡಿದು ಕೂರಬಹುದು. ಜಿಐ ಸಾಲಿನ ‘ಮಾತ್ರ’ಕ್ಕೆ ವಾಕ್ಯದ ಕೊನೆಯಲ್ಲೊಂದು ‘ಫಕತ್’ ಅಂಟಿಸಿದರೆ ಅದು ಯಾವ ಪದಕ್ಕೆ ಸೇರಿತು ಎಂಬ ಅನುಮಾನ ಉಳಿಯುತ್ತದೆ. ‘ಮುದ್ರೆಯುಳ್ಳ ಚೀಲಗಳಿಗಲ್ಲದೆ ಅನ್ವಯಿಸದು’ ಎಂಬ ನಿಷೇಧದ ರಚನೆ, ಅಂದರೆ ‘ಲಾ... ಇಲ್ಲಾ’, ಅನುಮಾನಕ್ಕೆ ಜಾಗ ಬಿಡುವುದಿಲ್ಲ. ಇನ್ನು ‘ಮುಂಗಡ ವಾಪಸಿಲ್ಲ’ ಎಂಬುದನ್ನು ‘ವಾಪಸು ಕಷ್ಟ’ ಎಂದು ಮೆತ್ತಗೆ ಮಾಡುವ ಆಸೆ. ವ್ಯಾಪಾರ ಕೆಡಬಾರದೆಂಬ ಸಂಕೋಚ ಅರ್ಥವಾಗುವಂಥದ್ದೇ. ಆದರೆ ಸೌದಿಯ ನ್ಯಾಯಾಲಯಗಳ ಭಾಷೆ ಅರಬ್ಬಿ. ವ್ಯಾಜ್ಯ ಅಲ್ಲಿಗೆ ಹೋದರೆ ನ್ಯಾಯಾಧೀಶರು ಓದುವುದು ಆ ಮೆತ್ತಗಿನ ಸಾಲನ್ನೇ.

ನಮ್ಮ ದೇಶದ ಗ್ರಾಹಕರಿಗಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇಲ್ಲಿ ಒಳ್ಳೆಯ ಅಳತೆಗೋಲು. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅಕ್ಷರವೂ ಅದೇ ಬಗೆಯದಿರಬೇಕು ಎನ್ನುತ್ತದೆ ಅದು. ಹಾಗೆ ನೋಡಿದರೆ ದರವನ್ನಷ್ಟೇ ಅರಬ್ಬಿಗೆ ತಂದು ಕೆಳಗಿನದನ್ನು ಕನ್ನಡದಲ್ಲೇ ಬಿಟ್ಟ ಜಾಹೀರಾತು ಅರ್ಧ ಅನುವಾದ. ನಕ್ಷತ್ರ ಚಿಹ್ನೆಯೂ ಅರಬ್ಬಿ ದರದ ಪಕ್ಕಕ್ಕೆ ಬರಬೇಕು.

ಪರೀಕ್ಷೆ ಸರಳ. ಕನ್ನಡ ಮೂಲವನ್ನು ನೋಡದ ಇನ್ನೊಬ್ಬರಿಂದ ಅರಬ್ಬಿಯನ್ನು ಕನ್ನಡಕ್ಕೆ ವಾಪಸು ತರಿಸಿ, ಎರಡರಲ್ಲೂ ಷರತ್ತುಗಳನ್ನು ಎಣಿಸುವುದು. ಮೇಲಿನ ಮಾದರಿಯಲ್ಲಿ ಸಾಗಣೆ, ತೆರಿಗೆಗಳನ್ನು ಬಿಡಿಬಿಡಿಯಾಗಿ, ಅವಧಿಯ ಎರಡು ಮಿತಿಗಳನ್ನೂ ಬೇರೆಬೇರೆಯಾಗಿ ಹಿಡಿದರೆ ಏಳು ಕಟ್ಟುಪಾಡುಗಳಿವೆ. ಆರು ಬಂದರೆ ಒಂದು ಎಲ್ಲೋ ಬಿದ್ದಿದೆ. ಮುಂಗಡದ ಸಾಲು ಬೇಡವೆಂದು ಗಿರಣಿಯವರಿಗೇ ಅನಿಸಿದರೆ ಕನ್ನಡದಲ್ಲೇ ಅದನ್ನು ತೆಗೆದು ಹೊಸ ಫೋಟೊ ಕೊಡಲಿ. ಅನುವಾದಕರ ಕೈಯಲ್ಲಿ ಅದು ಮಾಯವಾಗುವುದು ಬೇಡ.