ಬಾಗಿದಾಗಲೂ ಅಂದ, ಕೂತಾಗಲೂ ಆರಾಮ

ಧರ್ಮಸ್ಥಳದ ಸರತಿ ಸಾಲಿನಲ್ಲಿ ನಿಂತರೆ ಬಟ್ಟೆಯ ಗುಣ ಬೇಗ ತಿಳಿಯುತ್ತದೆ. ಕರಾವಳಿಯ ಸೆಕೆಗೆ ಬೆವರು ಇಳಿಯುತ್ತದೆ, ಪಾಲಿಯೆಸ್ಟರ್ ಕುರ್ತಾ ಬೆನ್ನಿಗೆ ಅಂಟುತ್ತದೆ. ದರ್ಶನದಲ್ಲಿ ಬಾಗಬೇಕು, ಆರತಿಗೆ ಕೈ ಚಾಚಬೇಕು, ಅನ್ನಪ್ರಸಾದಕ್ಕೆ ಕೂರಬೇಕು. ಕನ್ನಡಿ ಮುಂದೆ ನೆಟ್ಟಗೆ ನಿಂತಾಗ ಮೈತುಂಬ ಕಂಡ ಉಡುಪು ಇಲ್ಲಿ ಎಲ್ಲೋ ಒಂದು ಕಡೆ ಸರಿದು ಮುಜುಗರ ತರುತ್ತದೆ. ಇದಕ್ಕೆ ಕಾರಣ ಸಾಮಾನ್ಯವಾಗಿ ಉದ್ದದ ಕೊರತೆಯಲ್ಲ, ಕಟಿಂಗ್‌ನ ದೋಷ.

ಕಾಟನ್ ಎಂದಾಕ್ಷಣ ಎಲ್ಲವೂ ಒಂದೇ ಅಲ್ಲ. ಮಲ್‌ಮಲ್ ಹಗುರ, ಆದರೆ ತಿಳಿ ಬಣ್ಣದ ಮಲ್‌ಮಲ್ ಒದ್ದೆಯಾದರೆ ಮೈ ಕಾಣಿಸುತ್ತದೆ. ಅಂಗಡಿಯಲ್ಲೇ ಬಟ್ಟೆಯ ಒಂದು ಪದರದ ಕೆಳಗೆ ಅಂಗೈ ಇಟ್ಟು ಬೆಳಕಿಗೆ ಹಿಡಿಯಿರಿ. ಬೆರಳುಗಳು ಬಿಡಿಬಿಡಿಯಾಗಿ ಕಂಡರೆ ಲೈನಿಂಗ್ ಬೇಕು. ಆ ಲೈನಿಂಗ್ ಕೂಡ ಹತ್ತಿಯದೇ ಆಗಿರಲಿ. ಒಳಗೆ ಪಾಲಿಯೆಸ್ಟರ್ ಹಾಕಿದರೆ ಹೊರಗಿನ ಕಾಟನ್‌ಗೆ ಕೊಟ್ಟ ಹಣ ದಂಡ. ಮಧ್ಯಮ ದಪ್ಪದ ಕೈಮಗ್ಗದ ಕಾಟನ್ ಅಥವಾ ಖಾದಿಯಾದರೆ ಲೈನಿಂಗ್ ಗೋಜು ಅಷ್ಟಾಗಿ ಇರುವುದಿಲ್ಲ.

ಐದು ಅಡಿ ಮೂರು ಇಂಚು ಎತ್ತರದ ಹೆಣ್ಣುಮಗಳಿಗೆ ಮುಕ್ಕಾಲು ತೋಳಿನ ಕುರ್ತಾ ಹೊಲಿಸುತ್ತೀರಿ ಎಂದುಕೊಳ್ಳೋಣ. 44 ಇಂಚು ಪನ್ನದ ಬಟ್ಟೆಯಾದರೆ ಸುಮಾರು ಎರಡೂವರೆ ಮೀಟರ್ ಬೇಕಾಗುತ್ತದೆ. ಕತ್ತರಿಸುವ ಮೊದಲು ಅದನ್ನು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ 44 ಇಂಚಿನ ಉದ್ದದಲ್ಲಿ ಒಂದೆರಡು ಇಂಚು ಕುಗ್ಗಬಹುದು.

ಮುಖ್ಯವಾದದ್ದು ಪಕ್ಕದ ಸ್ಲಿಟ್. ಅದು ಸೊಂಟದ ಬಳಿಯೇ ಶುರುವಾದರೆ ಕೂತಾಗ, ಬಾಗಿದಾಗ ಮುಂದಿನ ಭಾಗ ಹಾರಿ ಬದಿ ತೆರೆದುಕೊಳ್ಳುತ್ತದೆ. ಭುಜದಿಂದ 26 ಇಂಚು ಕೆಳಗೆ, ಅಂದರೆ ಪೃಷ್ಠದ ಅಗಲವಾದ ಭಾಗ ದಾಟಿದ ಮೇಲೆ ಸ್ಲಿಟ್ ತೆರೆಯುವಂತೆ ಟೈಲರ್‌ಗೆ ಹೇಳಿ. ಕೆಳಗೆ ಉಳಿಯುವ 18 ಇಂಚು ಮೆಟ್ಟಿಲು ಹತ್ತಲು ಧಾರಾಳ ಸಾಕು. ಆ ಭಾಗದಲ್ಲಿ ಸುತ್ತಳತೆ ಮಾತ್ರ ಸಡಿಲವಾಗಿರಬೇಕು. ಬಿಗಿಯಾದರೆ ಸ್ಲಿಟ್‌ನ ಬುಡದಲ್ಲೇ ಹೊಲಿಗೆ ಬಿಚ್ಚಿಕೊಳ್ಳುತ್ತದೆ.

ಇನ್ನು ಕಂಕುಳು. ತೋಳು ಸಡಿಲವಿರಲಿ ಎಂದು ಕಂಕುಳನ್ನು ಕೆಳಕ್ಕೆ ಇಳಿಸಿ ಹೊಲಿದರೆ ಆಗುವುದು ತದ್ವಿರುದ್ಧ: ಕೈ ಎತ್ತಿದರೆ ಇಡೀ ಕುರ್ತಾ ಮೇಲೇರುತ್ತದೆ. ಕಂಕುಳನ್ನು ಮೈಗೆ ಹತ್ತಿರವಾಗಿಸಿ, ಅಲ್ಲಿ ಚೌಕಾಕಾರದ ಸಣ್ಣ ತುಂಡು ಸೇರಿಸುವ ಹಳೆಯ ಪದ್ಧತಿಯೇ ಒಳ್ಳೆಯದು. ಕತ್ತಿನ ವಿಷಯದಲ್ಲಿ ಆಳಕ್ಕಿಂತ ಅಗಲ ಮೋಸ ಮಾಡುತ್ತದೆ. ಅಗಲವಾದ ಕತ್ತು ಬಾಗಿದೊಡನೆ ಮೈಯಿಂದ ದೂರ ಜೋತು ಬೀಳುತ್ತದೆ. ಭುಜದ ಮೇಲೆ ಕೂರುವಂತೆ ಕಿರಿದಾಗಿ ಕತ್ತರಿಸಿದರೆ ಐದು ಇಂಚು ಆಳವಿದ್ದರೂ ತೊಂದರೆಯಿಲ್ಲ.

ಅಂದಕ್ಕೆ ಗುಳೇದಗುಡ್ಡದ ಖಣ ಇದೆ. ಪರಂಪರೆಯಿಂದ ಇಳಕಲ್ ಸೀರೆಯ ಜತೆ ಕುಪ್ಪಸಕ್ಕೆ ಬಳಕೆಯಾಗುವ ಈ ಬಟ್ಟೆಯ ಪನ್ನ ಕಿರಿದು, ಹಾಗಾಗಿ ಇಡೀ ಕುರ್ತಾಕ್ಕೆ ಜೋಡಿಸುವುದು ಕಷ್ಟ. ಯೋಕ್‌ಗೆ ಮತ್ತು ತೋಳಿನ ಅಂಚಿಗೆ ಪಟ್ಟಿಯಾಗಿ ಕೊಟ್ಟರೆ ಒಂದೇ ಬಣ್ಣದ ಸಾದಾ ಕಾಟನ್‌ಗೂ ಹಬ್ಬದ ಕಳೆ ಬರುತ್ತದೆ. ಬಣ್ಣ ಬಿಡುತ್ತದೆಯೇ ಎಂದು ಮೊದಲೇ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡುವುದು ಕ್ಷೇಮ.

ಕೆಳಗೆ ಹರಡಿಕೊಳ್ಳುವ ಪಲಾಜೊ ಕಾಲು ತೊಳೆಯುವ ಜಾಗದಲ್ಲಿ ನೀರು ಹೀರಿಕೊಂಡು ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕುತ್ತದೆ. ಕಣಕಾಲಿನವರೆಗೆ ಬರುವ, ಸೊಂಟಕ್ಕೆ ಇಲಾಸ್ಟಿಕ್ ಇರುವ ನೇರ ಪ್ಯಾಂಟ್ ಆದರೆ ಚಕ್ಕಳಮಕ್ಕಳ ಹಾಕಿ ಕೂರಲೂ ಅಡ್ಡಿಯಿಲ್ಲ. ಸೀರೆಯೇ ಇಷ್ಟ ಎನ್ನುವವರಿಗೆ ಉಡುಪಿಯ ಕೈಮಗ್ಗದ ಕಾಟನ್ ಸೀರೆ ಈ ಹವೆಗೆ ಹೇಳಿ ಮಾಡಿಸಿದ್ದು. ದುಪಟ್ಟಾ ಆಗಲಿ ಸೆರಗಾಗಲಿ, ಭುಜಕ್ಕೆ ಪಿನ್ ಹಾಕಿದ್ದರೆ ದೀಪದ ಹತ್ತಿರ ಭಯವಿಲ್ಲ. ಸಿಂಥೆಟಿಕ್ ಬಟ್ಟೆ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ ಎಂಬುದು ನೆನಪಿರಲಿ.

ಧರ್ಮಸ್ಥಳ, ಉಡುಪಿ ಕೃಷ್ಣಮಠಗಳಲ್ಲಿ ದರ್ಶನಕ್ಕೆ ಹೋಗುವ ಗಂಡಸರು ಅಂಗಿ, ಬನಿಯನ್ ತೆಗೆಯಬೇಕು. ಜನಜಂಗುಳಿಯಲ್ಲಿ ತಲೆಯಿಂದ ಎಳೆದು ತೆಗೆಯುವ ಕುರ್ತಾಕ್ಕಿಂತ ಉದ್ದಕ್ಕೂ ಗುಂಡಿಯಿರುವ ಅಂಗಿ ಸಲೀಸು. ಪಂಚೆಗೆ ಬೆಲ್ಟ್ ಬಿಗಿದು, ಹೆಗಲಿಗೊಂದು ಕಾಟನ್ ಶಲ್ಯ ಇಟ್ಟುಕೊಂಡರಾಯಿತು. ಅಂಗಿಯ ಜೇಬಿನಲ್ಲಿ ಹಣವಿಡುವ ರೂಢಿಯವರು ಬೆಲ್ಟ್‌ನಲ್ಲಿಯೇ ಜೇಬಿರುವುದನ್ನು ಕೊಳ್ಳುವುದು ಮೇಲು.

ಮನೆಗೆ ಮರಳಿದ ಮೇಲೆ ಉಳಿಯುವುದು ಕಲೆಗಳ ಕೆಲಸ. ಅರಿಶಿನಕ್ಕೆ ಸೋಪು ಹಚ್ಚಿದರೆ ಅದರ ಕ್ಷಾರದಿಂದ ಕೆಂಪಾಗುತ್ತದೆ. ಗಾಬರಿ ಬೇಡ, ಚೆನ್ನಾಗಿ ನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಿ. ಬೆಳಕಿಗೆ ಅರಿಶಿನದ ಬಣ್ಣ ಮಾಸುತ್ತಾ ಹೋಗುತ್ತದೆ. ರೇಷ್ಮೆಯನ್ನು ಮಾತ್ರ ಹೀಗೆ ಬಿಸಿಲಿಗೆ ಒಡ್ಡದೆ ಡ್ರೈಕ್ಲೀನಿಂಗ್‌ಗೆ ಕೊಟ್ಟು, ಕಲೆ ಎಲ್ಲಿದೆ, ಯಾವುದರದು ಎಂದು ಅಲ್ಲಿ ತೋರಿಸಿ ಹೇಳಬೇಕು.