ಬಾಡಿಗೆಯ ಮನೆಗೆ ಏಸಿ: ಒಪ್ಪಿಗೆಯ ಕಾಗದದಲ್ಲಿ ಏನಿರಬೇಕು?

ಕಲಬುರಗಿಯ ವೈಶಾಖದ ಬಿಸಿಲನ್ನು ಬಲ್ಲವರು, ಬಾಡಿಗೆಯ ಮನೆಯಲ್ಲಿದ್ದರೂ ಹವಾನಿಯಂತ್ರಣ ಯಂತ್ರವೊಂದನ್ನು ಹಾಕಿಸಿಕೊಳ್ಳಬೇಕೆಂದು ಬಯಸುವುದರಲ್ಲಿ ಆಶ್ಚರ್ಯವಿಲ್ಲ. ಮನೆಯೊಡೆಯರೂ “ಹಾಕಿಸಿಕೊಳ್ಳಿ, ನಮ್ಮದೇನು ಅಡ್ಡಿಯಿಲ್ಲ” ಎಂದು ಬಾಯಿಮಾತಿನಲ್ಲಿ ಹೇಳಿಬಿಡುವರು. ವ್ಯಾಜ್ಯವು ಹುಟ್ಟುವುದು ಮನೆ ಬಿಡುವ ದಿನ, ಮುಂಗಡದ ಹಣವನ್ನು ಹಿಂದಿರುಗಿಸುವ ವೇಳೆಯಲ್ಲಿ.

ಅಂತಹುದೊಂದು ಸಂಗತಿಯನ್ನು ನಾವು ಬಲ್ಲೆವು. ಮಹಡಿಯ ಮನೆಯೊಂದರಲ್ಲಿ ಒಂದೂವರೆ ಟನ್ನಿನ ಯಂತ್ರವನ್ನು ಕೂಡಿಸಿದ್ದರು. ತಾಮ್ರದ ಕೊಳವೆಗಳೂ ನೀರು ಹರಿಯುವ ಕೊಳವೆಯೂ ಹೊರಹೋಗಲು ಗೋಡೆಯಲ್ಲಿ ಸುಮಾರು ಎರಡೂವರೆ ಅಂಗುಲದ ರಂಧ್ರವನ್ನು ಕೊರೆದಿದ್ದರು. ರಂಧ್ರವು ಹೊರಮುಖವಾಗಿ ಕೊಂಚ ಇಳಿಜಾರಾಗಿರಬೇಕಷ್ಟೆ. ಇದು ಒಳಮುಖವಾಗಿ ವಾಲಿತ್ತು. ಮಳೆಯ ನೀರು ಗೋಡೆಗಿಳಿದು ಬಣ್ಣವು ಹೊಪ್ಪಳಿಸಿತು. ಒಡೆಯರು ಮುಂಗಡದಲ್ಲಿ 12,000 ರೂಪಾಯಿಗಳನ್ನು ಹಿಡಿದುಕೊಂಡರು. ಗೋಡೆಯು ಮೊದಲು ಹೇಗಿತ್ತೆಂಬುದಕ್ಕೆ ಕಾಗದವೂ ಇಲ್ಲ, ಚಿತ್ರವೂ ಇಲ್ಲ; ವಾದಿಸುವುದೇನನ್ನು?

ಒಪ್ಪಿಗೆಯ ಕಾಗದವು ದೀರ್ಘವಾಗಿರಬೇಕಿಲ್ಲ. ಮನೆಯೊಡೆಯರು ಹೀಗೆ ಬರೆದುಕೊಟ್ಟರೆ ಸಾಕು:

“ತಾವು ಮಲಗುವ ಕೋಣೆಯ ಪಡುವಣ ಗೋಡೆಯಲ್ಲಿ ಒಂದೂವರೆ ಟನ್ನಿನ ಏಸಿಯೊಂದನ್ನು ಕೂಡಿಸಲು ನಮ್ಮ ಒಪ್ಪಿಗೆಯಿದೆ. ರಂಧ್ರವು ಒಂದೇ ಇರತಕ್ಕದ್ದು; ತೊಲೆ, ಕಂಬಗಳನ್ನು ಕೊರೆಯಕೂಡದು. ಯಂತ್ರ, ಕೂಲಿ, ಪ್ರತ್ಯೇಕ ತಂತಿ, ದುರಸ್ತಿ ಇವುಗಳ ವೆಚ್ಚವೆಲ್ಲ ತಮ್ಮದು, ಯಂತ್ರವೂ ತಮ್ಮದೇ. ಮನೆ ಬಿಡುವಾಗ ಅದನ್ನು ತೆಗೆದು, ರಂಧ್ರವನ್ನೂ ಮೊಳೆಯ ಗುಳಿಗಳನ್ನೂ ಗಾರೆಯಿಂದ ಮುಚ್ಚಿ, ಆ ಗೋಡೆಗೆ ಮಾತ್ರ ಬಣ್ಣ ಬಳಿಸತಕ್ಕದ್ದು. ತಂತಿಯನ್ನು ಬಿಟ್ಟುಹೋಗಬಹುದು, ಅದಕ್ಕೆ ಬೆಲೆ ಕೊಡಲಾಗುವುದಿಲ್ಲ. ಈಗಿನ ಗೋಡೆಯ ಚಿತ್ರಗಳನ್ನು ಲಗತ್ತಿಸಿದೆ.”

“ಆ ಗೋಡೆಗೆ ಮಾತ್ರ” ಎಂಬ ಮಾತನ್ನು ವಾಚಕರು ಗಮನಿಸಬೇಕು. “ಮೊದಲಿನಂತೆ ಮಾಡಿಕೊಡತಕ್ಕದ್ದು” ಎಂದಷ್ಟೇ ಬರೆದರೆ ಇಡೀ ಮನೆಗೆ ಬಣ್ಣ ಬಳಿಸುವ ಖರ್ಚು ಬಾಡಿಗೆದಾರರ ತಲೆಗೆ ಬಂದರೂ ಬಂದೀತು.

ಮರೆತುಹೋಗುವ ಇನ್ನೊಂದು ಅಂಶವು ವಿದ್ಯುತ್ತಿನದು. ಇಂತಹ ಯಂತ್ರವು ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುವುದು. ಮಂಜೂರಾದ ಹೊರೆ ಸಾಲದಿದ್ದರೆ ಹೆಚ್ಚಿಸಿಕೊಳ್ಳಬೇಕು. ಮೀಟರು ಒಡೆಯರ ಹೆಸರಿನಲ್ಲಿದ್ದರೆ ಅರ್ಜಿಗೆ ಅವರ ರುಜು ಬೇಕು. ಹೊರೆ ಹೆಚ್ಚಿದಂತೆ ತಿಂಗಳ ನಿಗದಿತ ಶುಲ್ಕವೂ ಹೆಚ್ಚುವುದು. ಬಾಡಿಗೆದಾರರು ಹೋದ ಮೇಲೂ ಅದು ನಿಲ್ಲದು. ಆದುದರಿಂದ ಹೊರೆಯನ್ನು ಮತ್ತೆ ಇಳಿಸುವ ಖರ್ಚು ಯಾರದೆಂಬುದನ್ನೂ ಬರೆದಿಡುವುದು ನ್ಯಾಯ.

ಕಾಗದವೇ ಇಲ್ಲದವರ ಗತಿಯೇನು? ಬೇರೆ ಕರಾರಿಲ್ಲದಿದ್ದರೆ 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ 108ನೆಯ ಪ್ರಕರಣದ ಆಸರೆಯುಂಟು. ಬಾಡಿಗೆದಾರನು ತಾನು ಜೋಡಿಸಿದ ವಸ್ತುಗಳನ್ನು ತೆಗೆದುಕೊಂಡು ಹೋಗಬಹುದು. ಆದರೆ ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಬಿಡಬೇಕು, ಮತ್ತು ಮನೆಯು ತನ್ನ ಸ್ವಾಧೀನದಲ್ಲಿರುವಾಗಲೇ ತೆಗೆಯಬೇಕು. ಬೀಗದ ಕೈ ಒಪ್ಪಿಸಿ, “ಬರುವ ವಾರ ಬಂದು ಬಿಚ್ಚಿಸಿಕೊಳ್ಳುವೆವು” ಎಂದರೆ ಆ ಹಕ್ಕು ಉಳಿಯದು. ಬಿಚ್ಚುವವನನ್ನು ಎರಡು ದಿನ ಮುಂಚೆಯೇ ಕರೆಯಿಸಿದರೆ, ಗಾರೆ ಒಣಗಿ ಬಣ್ಣ ಬಳಿಯುವುದಕ್ಕೂ ವ್ಯವಧಾನವಿರುವುದು.