ನಿಮಗಿದು ಗೊತ್ತೆ? ಒಂದು ‘ಅಲ್ವಾ’ಕ್ಕೆ ಇಂಗ್ಲಿಷಿನಲ್ಲಿ ಹಲವು ರೂಪ

ಸೋಲದೇವನಹಳ್ಳಿ ರೈಲು ನಿಲ್ದಾಣದಲ್ಲಿ ತುಮಕೂರು ಗಾಡಿಗೆ ಕಾಯುವವರಿಗೆ ‘ಅಲ್ವಾ’ ಒಂದಿದ್ದರೆ ಸಾಕು. ‘ಟ್ರೇನ್ ಲೇಟು, ಅಲ್ವಾ?’, ‘ನಿನ್ನೆ ಬೇಗ ಬಂತು, ಅಲ್ವಾ?’, ‘ನಾಳೆ ಬರುತ್ತೆ, ಅಲ್ವಾ?’ ಕಾಲ ಬದಲಾದರೂ ಬಾಲ ಬದಲಾಗದು. ಅದೇ ಅಭ್ಯಾಸದಲ್ಲಿ ನಾವು ಇಂಗ್ಲಿಷಿನಲ್ಲೂ ಎಲ್ಲದಕ್ಕೂ ‘ಈಸಂಟ್ ಇಟ್’ ಅಂಟಿಸುತ್ತೇವೆ. ಭಾರತದ ಆಡುಮಾತಿನಲ್ಲಿ ಅದು ನಡೆಯುತ್ತದೆ, ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

ಇಂಗ್ಲಿಷಿನ ಬಾಲ ವಾಕ್ಯದ ಸಹಾಯಕ ಕ್ರಿಯಾಪದವನ್ನೇ ಹಿಡಿಯುತ್ತದೆ. ‘ಇಟ್ ವಿಲ್ ಕಮ್’ ಎಂದರೆ ‘ವೋಂಟ್ ಇಟ್?’, ‘ಇಟ್ ಹ್ಯಾಸ್ ಲೆಫ್ಟ್’ ಎಂದರೆ ‘ಹ್ಯಾಸಂಟ್ ಇಟ್?’ ತೊಡಕಿರುವುದು ‘ಇಟ್ ಕೇಮ್ ಅರ್ಲಿ’ಯಲ್ಲಿ, ಅಲ್ಲಿ ಸಹಾಯಕ ಪದವೇ ಕಾಣುವುದಿಲ್ಲ. ಅದನ್ನು ಪ್ರಶ್ನೆಯಾಗಿಸಿ ನೋಡಿ: ‘ಡಿಡ್ ಇಟ್ ಕಮ್?’ ಅಡಗಿದ್ದ ‘ಡಿಡ್’ ಹೊರಬಂತು. ಹಾಗಾಗಿ ಬಾಲ ‘ಡಿಡಂಟ್ ಇಟ್?’, ಚುಟುಕು ಉತ್ತರ ‘ಯೆಸ್, ಇಟ್ ಡಿಡ್’. ಕನ್ನಡದಲ್ಲಾದರೆ ‘ಬಂತಾ?’ ಎಂದವರಿಗೆ ‘ಬಂತು’ ಎಂದು ಮುಖ್ಯ ಕ್ರಿಯಾಪದವನ್ನೇ ಹಿಂದಿರುಗಿಸುತ್ತೇವೆ. ‘ಯೆಸ್, ಇಟ್ ಕೇಮ್’ ಎಂಬ ತಪ್ಪು ಹುಟ್ಟುವುದು ಇಲ್ಲಿಂದಲೇ.

ನಿಜವಾದ ಗೊಂದಲ ನಿಷೇಧದ್ದು. ‘ಟ್ರೇನ್ ಇನ್ನೂ ಬಂದಿಲ್ಲ, ಅಲ್ವಾ?’ ಎಂದರೆ ನಾವು ‘ಹೌದು, ಬಂದಿಲ್ಲ’ ಎನ್ನುತ್ತೇವೆ. ಹೌದೆನ್ನುವುದು ಕೇಳಿದವರ ಮಾತಿಗೆ. ಇಂಗ್ಲಿಷಿನ ಯೆಸ್, ನೋ ಎರಡೂ ನೋಡುವುದು ನಡೆದ ಸಂಗತಿಯನ್ನು. ಅಲ್ಲಿ ಬಾಲ ‘ಹ್ಯಾಸ್ ಇಟ್?’, ಉತ್ತರ ‘ನೋ, ಇಟ್ ಹ್ಯಾಸಂಟ್’. ಬರೀ ‘ಯೆಸ್’ ಅಂದಿರೋ, ಕೇಳಿದವರು ರೈಲು ಬಂದೇಬಿಟ್ಟಿದೆ ಎಂದುಕೊಂಡಾರು.